ಲಕ್ಷ ಜನರಿಗೆ ಒಂದು ನಮಸ್ಕಾರ

ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಹೋದರೆ, ಮೂವತ್ತು ವರ್ಷಗಳಿಂದ ಅದಕ್ಕೆ ಹೊಸ ತಂತಿ ಸುತ್ತಿಕೊಟ್ಟವರು ದಸ್ತಗೀರ್ ಸಾಬರು. ಶಿಷ್ಯ ಕೊಟ್ರೇಶ ಅವರ ಅಂಗಡಿಯಲ್ಲೇ ಕೂತು ಯೂಟ್ಯೂಬಿನಲ್ಲಿ ಆ ಕೆಲಸ ಕಲಿಸುತ್ತಾನೆ. ವಿದ್ಯೆಯೆಲ್ಲ ಸಾಬರದು, ಮುಖ ಮಾತ್ರ ಅವನದು.

ಚಾನೆಲ್‌ಗೆ ಲಕ್ಷ ಸಬ್‌ಸ್ಕ್ರೈಬರ್‌ಗಳಾದ ದಿನ, ಫೋನು ಹಿಡಿಯಲು ಸಾಬರನ್ನೇ ನಿಲ್ಲಿಸಿ, ಬರೆದುಕೊಂಡಿದ್ದ ಧನ್ಯವಾದವನ್ನು ಓದಿದ.

"ನಿಮ್ಮ ಲಕ್ಷ ಜನರಿಗೂ ನನ್ನ ನಮಸ್ಕಾರ. ಈ ಚಾನೆಲ್ ನನ್ನದಲ್ಲ, ನಿಮ್ಮದು. ನನಗೆ ಯಾರೂ ಕಲಿಸಲಿಲ್ಲ, ನಿಮ್ಮ ಕಾಮೆಂಟುಗಳೇ ನನ್ನ ಗುರು. ರೈತರು ರಿಪೇರಿಯಲ್ಲಿ ಮೋಸ ಹೋಗಬಾರದು, ಅಷ್ಟೇ ನನ್ನ ಉದ್ದೇಶ."

ಸಾಬರ ಕೈಯಲ್ಲಿದ್ದ ಫೋನು ಅಲುಗಿತು.

"ಉಸ್ತಾದ್, ಶೇಕ್ ಆತು. ಇನ್ನೊಂದ್ ಸಲ ಓದ್ತೀನಿ" ಎಂದ ಕೊಟ್ರೇಶ.

"ಓದಪ್ಪ" ಎಂದರು ಸಾಬರು. "ನಾನೂ ಸಬ್‌ಸ್ಕ್ರೈಬ್ ಮಾಡೀನಿ. ಆ ಲಕ್ಷದಾಗೆ ನನಗೂ ಒಂದು ನಮಸ್ಕಾರ ಬಂತಲ್ಲ, ಸಾಕು."