ಗೊರಕೆ ನಿಂತ ಮಧ್ಯಾಹ್ನ

ನಮ್ಮ ಯಜಮಾನರ ಗೊರಕೆಗೆ ಉಪ್ಪಲ್ ಕಡೆಯ ನಮ್ಮ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ದೊಡ್ಡ ಹೆಸರಿತ್ತು. ಅವರು ಊರಿಗೆ ಹೋದ ದಿನ ತನಗೇ ನಿದ್ದೆ ಹತ್ತುವುದಿಲ್ಲವೆಂದು ಕೆಳಗಿನ ಮನೆಯ ತೆಲುಗು ಹೆಂಗಸು ನಗುತ್ತಿದ್ದಳು. ಅತ್ತೆಗಂತೂ ಅದು ಮನೆತನದ ಗುರುತು. ಮಾವನವರದೂ ಇಂಥದೇ ಗೊರಕೆ. ಗಂಡಸರು ಗೊರಕೆ ಹೊಡೆದರೆ ಮನೆ ತುಂಬಿದ ಹಾಗಿರುತ್ತದೆ ಎನ್ನುವರು. ನನಗೆ ಮಾತ್ರ ತಲೆ ತುಂಬುತ್ತಿತ್ತು.

ಮಾವನವರು ಬಿಪಿ ಮಾತ್ರೆ ನುಂಗುತ್ತಿದ್ದವರು. ಒಂದು ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ, ಪುಣ್ಯದ ಸಾವು ಎಂದು ಬಂದವರೆಲ್ಲ ಅತ್ತೆಗೆ ಹೇಳಿ ಹೋದರು. ಅತ್ತೆ ಆ ಮಾತನ್ನೇ ಹಿಡಿದುಕೊಂಡು ಬದುಕಿದ್ದಾರೆ.

ಅಪ್ಪನ ಬಿಪಿ ಮಗನಿಗೂ ಬಂತು. ಯಜಮಾನರು ಕಾರ್ಖಾನೆಯ ಆಸ್ಪತ್ರೆಗೆ ಹೋದಾಗಲೆಲ್ಲ ಮಾತ್ರೆ ಹೆಚ್ಚುತ್ತಿತ್ತು. ಒಂದಿದ್ದದ್ದು ಎರಡಾಯಿತು. ಮೂರನೆಯದು ಮೂತ್ರಕ್ಕೆ ಓಡಿಸುವ ಮಾತ್ರೆ. ಬಿಪಿ ಮಾತ್ರ ಜಗ್ಗಲಿಲ್ಲ. ಎಲ್ಲರ ಕಣ್ಣು ನನ್ನ ಒಲೆಯ ಮೇಲೆ. ನಾನು ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದೆ, ಶೇಂಗಾ ಹಿಂಡಿ ಕುಟ್ಟುವಾಗಲೂ ಉಪ್ಪು ಹಾಕುವುದನ್ನು ಬಿಟ್ಟೆ. ಕದ್ದು ತಿನ್ನುತ್ತಿದ್ದಾರೆಂದು ಅವರ ಜೊತೆ ಜಗಳವಾಡಿದೆ. ಪಾಪ, ಅವರು ತಿಂದಿರಲಿಲ್ಲ.

ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಯಜಮಾನರ ದಪ್ಪ ಕತ್ತು ನೋಡಿ, ಬೆಳಿಗ್ಗೆ ತಲೆನೋವು ಬರುತ್ತದೆಯೇ, ಕಾರ್ಖಾನೆಯ ಬಸ್ಸಿನಲ್ಲಿ ತೂಕಡಿಸುತ್ತೀರಾ ಎಂದು ಕೇಳಿದರು. ಯಜಮಾನರು ಎರಡಕ್ಕೂ ಹೌದೆಂದರು. ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿ ಹಿಂದಿಯಲ್ಲಿ, ಗೊರಕೆ ಹೊಡೆಯುತ್ತಾರಾ ಎಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನಡುವೆ ನಿಲ್ಲುತ್ತದೆಯೇ ಎಂದರು.

ನಿಲ್ಲುತ್ತಿತ್ತು. ಒಮ್ಮೆಲೇ ಸದ್ದಡಗಿ, ಆಮೇಲೆ ನೀರಿನಿಂದ ಮೇಲೆದ್ದವರ ಹಾಗೆ ಉಸಿರೆಳೆದು ಮತ್ತೆ ಶುರು. ಆ ಬಿಡುವಿನಲ್ಲೇ ನಾನು ನಿದ್ದೆಗೆ ಜಾರಿಕೊಳ್ಳುತ್ತಿದ್ದೆ.

ಅದೇ ಕಾಯಿಲೆ ಎಂದರು ಡಾಕ್ಟರಮ್ಮ. ನಿದ್ದೆಯಲ್ಲಿ ಗಂಟಲು ಸಡಿಲಾಗಿ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರ್ಧ ಎಬ್ಬಿಸುತ್ತದೆ. ಪ್ರತಿ ಸಲವೂ ಬಿಪಿ ಏರುತ್ತದೆ. ರಾತ್ರಿಯಿಡೀ ಹೀಗಾದರೆ ಹಗಲೂ ಅದು ಇಳಿಯುವುದಿಲ್ಲ, ಮಾತ್ರೆಗೂ ಬಗ್ಗುವುದಿಲ್ಲ. ಮೈಗೆ ವೈರು ಸುತ್ತಿ ಒಂದು ರಾತ್ರಿ ಪರೀಕ್ಷೆ ಮಾಡಿದ ಮೇಲೆ ಅವರ ಮಾತೇ ನಿಜವಾಯಿತು. ಮನೆಗೆ ಒಂದು ಮಶಿನ್ ಬಂತು. ಮೂಗಿಗೆ ಮಾಸ್ಕ್ ಕಟ್ಟಿಕೊಂಡರೆ ಅದು ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಮಾತ್ರೆ ಬಿಡಬಾರದು, ಮಧ್ಯಾಹ್ನ ಮಲಗಿದರೂ ಮಾಸ್ಕ್ ಇರಬೇಕು ಎಂದರು ಡಾಕ್ಟರಮ್ಮ.

ಯಜಮಾನರು ಗೊಣಗುತ್ತಲೇ ಕಟ್ಟಿಕೊಂಡರು. ಕೆಲವು ವಾರಗಳಲ್ಲಿ ತಲೆನೋವು ಹೋಯಿತು, ಬಿಪಿ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು. ಭರಣಿಯ ಮೇಲಿನ ನನ್ನ ಸಿಟ್ಟೂ ಇಳಿಯಿತು.

ಮಶಿನ್ ಬಂದಾಗ ಬೀದರಿನ ತಮ್ಮ ಮಗಳ ಮನೆಯಲ್ಲಿದ್ದ ಅತ್ತೆ ಆಗ ವಾಪಸು ಬಂದರು. ಭಾನುವಾರ ಮಧ್ಯಾಹ್ನ ಮಗ ಉಂಡು ಮಲಗಿದ. ಗೊರಕೆ ಕೇಳಲಿಲ್ಲ. ಅತ್ತೆ ಹೋಗಿ ನೋಡಿದರೆ ಮುಖಕ್ಕೆ ಮಾಸ್ಕ್, ಕೋಣೆಯಲ್ಲಿ ಸದ್ದಿಲ್ಲ. ಮಾಸ್ಕ್ ಕಿತ್ತು ಮಗನನ್ನು ಅಲುಗಾಡಿಸಿ ಎಬ್ಬಿಸಿದರು. ಗೊರಕೆ ಕೇಳದಿದ್ದರೆ ಅವರ ಪಾಲಿಗೆ ಮಗ ಇಲ್ಲ. ಎಷ್ಟು ಹೇಳಿದರೂ ಮರುದಿನ ರಾತ್ರಿಯೂ ಎಬ್ಬಿಸಿದರು, ಅದರ ಮರುದಿನವೂ.

"ಅವ್ವ ಹೆದರ್ತಾಳ, ಇರ್ಲಿ ಬಿಡು," ಎಂದು ಯಜಮಾನರು ಮಶಿನ್ ಎತ್ತಿ ಕಪಾಟಿನಲ್ಲಿಟ್ಟರು. ಮೊದಲೇ ಗೊಣಗುತ್ತಿದ್ದ ಅವರಿಗೆ ಅಷ್ಟು ನೆಪ ಸಾಕಿತ್ತು. ಬಿಪಿ ಮತ್ತೆ ಏರಿತು. ನನಗೆ ಅಳು ಬರುವಷ್ಟು ಸಿಟ್ಟು, ಆದರೆ ಯಾರ ಮೇಲೆ ಮಾಡಲಿ?

ಇನ್ನೊಂದು ಭಾನುವಾರ ಮಧ್ಯಾಹ್ನ ಮೆಂತ್ಯ ಸೊಪ್ಪು ಬಿಡಿಸುತ್ತ ಅತ್ತೆಯ ಪಕ್ಕ ಕೂತೆ. ಒಳಗೆ ಯಜಮಾನರು ಮಾಸ್ಕ್ ಇಲ್ಲದೆ ಗೊರಕೆ ಹೊಡೆಯುತ್ತಿದ್ದರು.

"ಅತ್ತಿ, ಗೊರಕಿ ನಡುವ ಅವರ ಉಸಿರು ನಿಲ್ತೈತ್ರಿ. ಅದಕ್ಕ ಬಿಪಿ ಇಳಿವಲ್ದು. ಹಂಗ ಬಿಟ್ರ ಜೀವಕ್ಕ ಅಪಾಯ ಐತ್ರಿ."

ಅತ್ತೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನಿಮ್ಮ ಮಾವಂದೂ ಹಂಗ ನಿಲ್ತಿತ್ತವಾ. ನಾನು ಬಾಜೂಕ ಇರ್ತಿದ್ನಲ್ಲ. ಅವರಿಗೇನಾತು? ಪುಣ್ಯದ ಸಾವು ಬಂತು." ಆಮೇಲೆ ನನ್ನ ಮುಖ ನೋಡಿದರು. "ಹೌದಲ್ಲ?"

ಮಾವನವರು ಯಾಕೆ ಹೋದರೆಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ನಾನು ಇನ್ನೊಂದು ಮಾತು ಮುಂದೆ ಹೋದರೆ, ಪಕ್ಕದಲ್ಲೇ ಮಲಗಿದ್ದೂ ಮಾವನವರನ್ನು ಎಬ್ಬಿಸಲಿಲ್ಲವೆಂಬ ಕೊರಗು ಅತ್ತೆಗೆ ಹತ್ತುತ್ತಿತ್ತು. ನನ್ನ ಗಂಡನನ್ನು ಉಳಿಸಿಕೊಳ್ಳುವ ಮಾತು ನಾಲಿಗೆಯ ತುದಿಯಲ್ಲಿತ್ತು.

"ಹೌದ್ರಿ," ಎಂದೆ.

ಒಳಗೆ ಗೊರಕೆ ನಿಂತಿತು. ಅತ್ತೆ, ಅದು ಮಾಮೂಲೆಂಬಂತೆ, ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದರು. ನಾನು ಸೊಪ್ಪು ಚೆಲ್ಲಿ ಕೋಣೆಗೆ ಓಡಿದೆ.