ಫೋಟೋದ ಕೆಳಗಿನ ಸಾಲು

ಜೋಗುಪಾಳ್ಯದ ನಮ್ಮ ಅಂಗಡಿಯಲ್ಲಿ ಟೀ ಶರ್ಟಿನ ಮೇಲೆ ಕನ್ನಡ ಬರೆಸಿಕೊಳ್ಳಲು ಬರುವವರಲ್ಲಿ ಮುಕ್ಕಾಲು ಪಾಲು ಕನ್ನಡ ಬಾರದವರು. ಬಂದವರು ಮೊದಲು ಮೊಬೈಲ್ ಚಾಚುತ್ತಾರೆ. ಅನುವಾದದ ಆಪ್‌ನಲ್ಲಿ ಹಾಕಿ ನೋಡಿದ್ದೇವೆ, ಸರಿಯಾಗಿದೆ ಎನ್ನುತ್ತಾರೆ. "ಕನ್ನಡದವರು ಯಾರಿಗಾದ್ರೂ ತೋರಿಸಿದ್ರಾ?" ಎಂದು ನಾನು ಕೇಳುತ್ತೇನೆ. ಕೇಳಿ ಕೇಳಿ ಬಾಯಿ ಸೋತಿದೆ. ಕೇಳಿದ ಕೂಡಲೇ ಅವರ ಮುಖ ಬಿಗಿಯಾಗುತ್ತದೆ, ಇವಳೂ ಭಾಷೆಯ ಜಗಳ ತೆಗೆಯುತ್ತಾಳೆ ಎಂದುಕೊಳ್ಳುತ್ತಾರೆ. ಜಗಳವಾಡಲು ನನಗೆ ತ್ರಾಣವೆಲ್ಲಿದೆ? ಡಿಸೈನ್ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ, ಗಿರಾಕಿ ಓಕೆ ಎಂದ ಮೇಲೆ ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು ಬಿಸಿ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುತ್ತೇನೆ. ಒತ್ತಿದ ಮೇಲೆ ಮುಗಿಯಿತು, ಆಮೇಲೆ ಅತ್ತರೂ ಅಳಿಸಲು ಬರುವುದಿಲ್ಲ.

ಆ ದಿನ ಮಧ್ಯಾಹ್ನ ಬಂದ ಹುಡುಗಿ ಗರುಡಾಚಾರ್‌ಪಾಳ್ಯದ ಒಂದು ಕಂಪನಿಯವಳು. ಉತ್ತರದ ಕಡೆಯವಳು, ಮಾತು ಪೂರಾ ಹಿಂದಿ. ನನ್ನದು ಶಿವಾಜಿನಗರದಲ್ಲಿ ಕಲಿತ ಹಿಂದಿ, ಅರ್ಧ ದಖನಿ. ಹೇಗೋ ಮಾತು ನಡೆಯಿತು. ಅವಳ ಆಫೀಸಿನ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಆ ಶುಕ್ರವಾರ ರಿಟೈರ್ ಆಗುವವರಿದ್ದರು. ಸೇರಿದ ಮೊದಲ ತಿಂಗಳು ಇವಳಿಗೆ ಜ್ವರ ಬಂದಾಗ ಮನೆಯಿಂದ ಗಂಜಿ ತಂದುಕೊಟ್ಟಿದ್ದರಂತೆ. ಬೀಳ್ಕೊಡುಗೆಗೆ ಅವರ ಹೆಂಡತಿ ಮಕ್ಕಳನ್ನೂ ಕರೆದಿದ್ದರು. ಅವರನ್ನು ವೇದಿಕೆಗೆ ಕರೆದಾಗ ಇಡೀ ಆಫೀಸು ಒಂದೇ ತರಹದ ಟೀ ಶರ್ಟ್ ತೊಟ್ಟು ಎದ್ದು ನಿಲ್ಲಬೇಕು, ಅದರ ಮೇಲೆ ಅವರ ಭಾಷೆಯೇ ಇರಬೇಕು ಎಂಬುದು ಹುಡುಗಿಯ ಆಸೆ.

ಡಿಸೈನನ್ನು ಅವಳೇ ಮಾಡಿ ತಂದಿದ್ದಳು. ಎದೆಯ ಭಾಗದಲ್ಲಿ ದುಂಡನೆಯ ಚೌಕಟ್ಟಿನೊಳಗೆ ಕನ್ನಡಕದ ಗಂಡಸಿನ ನಗುಮುಖ. ಕೆಳಗೆ ದಪ್ಪ ಅಕ್ಷರದಲ್ಲಿ "ಸದಾ ನಿಮ್ಮ ನೆನಪಿನಲ್ಲಿ". ಅದರಡಿ ಟೀಮಿನ ಹೆಸರು.

ಸಾಲನ್ನು ಓದಿ ಮತ್ತೆ ಫೋಟೋ ನೋಡಿದೆ. "ಈ ಸರ್ ಇದಾರಲ್ವಾ?" ಎಂದು ಕೇಳಿಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ.

"ಇದು ಬೇಡ" ಎಂದೆ. ಯಾಕೆ, ತಪ್ಪಿದೆಯಾ ಎಂದಳು. ತಪ್ಪೇನಿಲ್ಲ, ಅಕ್ಷರ ಸರಿ, ಅರ್ಥ ಸರಿ. ಹಾಗಿದ್ದರೆ ತೊಂದರೆ ಏನು ಎಂದಳು. ಎರಡು ಆಪ್‌ಗಳಲ್ಲಿ ನೋಡಿದ್ದಳಂತೆ, ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿಯೂ ನೋಡಿದ್ದಳಂತೆ. ಹಾಕಿದ್ದೇ ವಾಪಸ್ ಬಂತು. ಆಫೀಸಿನಲ್ಲಿ ಎಲ್ಲರೂ ಕೈಯೆತ್ತಿ ಒಪ್ಪಿದ್ದರು. ಈ ಅಂಗಡಿ ಹೆಂಗಸಿಗೇನು ತಕರಾರು ಎಂಬುದು ಅವಳ ಮುಖದಲ್ಲಿ ಬರೆದಂತಿತ್ತು.

"ನಿಮ್ಮ ಆಫೀಸಲ್ಲಿ ಕನ್ನಡದವ್ರು ಒಬ್ರೂ ಇಲ್ವಾ? ಅವ್ರಿಗೆ ತೋರ್ಸಮ್ಮ" ಎಂದೆ.

ಇರುವವರು ಒಬ್ಬರೇ, ಆ ಸರ್. ಅವರಿಗೆ ತೋರಿಸುವುದು ಹೇಗೆ, ಇದು ಅವರಿಗೇ ಸರ್‌ಪ್ರೈಸ್ ಅಲ್ಲವೇ ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಆ ಆಫೀಸಿಗೆ ಬರುವ ಕನ್ನಡದ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವರು ಅವರೇ ಇರಬೇಕು. ಈಗ ಅವರದೇ ಫೋಟೋದ ಕೆಳಗಿನ ಸಾಲನ್ನು ಓದುವವರು ಇರಲಿಲ್ಲ. ಮಾತಿನಲ್ಲಿ ತಿಳಿಸಿ ಹೇಳುವಷ್ಟು ಹಿಂದಿ ನನ್ನಲ್ಲೂ ಇರಲಿಲ್ಲ. ಮಂಡಿ ನೋವಿದ್ದರೂ ಎದ್ದು ಅವಳನ್ನು ಬಾಗಿಲ ಹೊರಗೆ ಕರೆದುಕೊಂಡು ಹೋದೆ.

ಎದುರು ರಸ್ತೆಯ ತಿರುವಿನಲ್ಲಿ ಕಂಬಕ್ಕೆ ಫ್ಲೆಕ್ಸ್ ಕಟ್ಟಿದ್ದರು. ದುಂಡನೆಯ ಚೌಕಟ್ಟಿನಲ್ಲಿ ಒಬ್ಬ ಯಜಮಾನರ ಫೋಟೋ, ಎರಡು ಪಕ್ಕ ದೀಪದ ಚಿತ್ರ, ಕೆಳಗೆ ದಪ್ಪ ಅಕ್ಷರದ ಒಂದು ಸಾಲು. ಕನ್ನಡ ಓದಲು ಬಾರದ ಹುಡುಗಿ ಮೊಬೈಲನ್ನು ಮೇಲೆತ್ತಿ ಹಿಡಿದಳು. ಒಂದೊಂದು ಅಕ್ಷರದ ಆಕಾರವನ್ನೂ ಫ್ಲೆಕ್ಸಿನ ಅಕ್ಷರಕ್ಕೆ ಹೋಲಿಸುತ್ತ ಹೋದಳು. ಕೊನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಅವಳ ಕೈ ಇಳಿದಿತ್ತು.

ಇವರು ಯಾರು ಎಂದು ಕೇಳಿದಳು.

"ಹಾಲಿನ ಬೂತಿನ ಯಜಮಾನ್ರು. ಹೋದ ತಿಂಗಳು ತೀರ್ಕೊಂಡ್ರು" ಎಂದೆ. "ಫೋಟೋ ಕೆಳಗೆ ಈ ಮಾತು ಹಾಕೋದು ತೀರ್ಕೊಂಡವ್ರಿಗೆ ಮಾತ್ರ. ನನ್ನ ಮನೆಯವರ ಫೋಟೋಗೂ ಇದೇ ಹಾಕ್ಸಿದ್ದು. ನಾನೇ ಕೂತು ಟೈಪ್ ಮಾಡ್ದೆ."

ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಶುಕ್ರವಾರ ಅವರ ಹೆಂಡತಿ ಮುಂದಿನ ಸಾಲಿನಲ್ಲೇ ಕೂರುತ್ತಾರೆ ಎಂದು ಎರಡೆರಡು ಸಲ ಹೇಳಿದಳು. ಅವಳ ಮೇಲೆ ನನಗಿದ್ದ ಬೇಸರ ಅಷ್ಟಕ್ಕೇ ಇಳಿದುಹೋಯಿತು. ಪ್ರೀತಿಯಿಂದಲೇ ಮಾಡಿಸಿಕೊಂಡು ಬಂದದ್ದು, ಪಾಪ. ಯಾವ ಮಾತು ಯಾವ ಹೊತ್ತಿನದು ಎಂದು ಆಪ್‌ ಅವಳಿಗೆ ಹೇಳಲಿಲ್ಲ, ಹೇಳಬೇಕಾದವರನ್ನು ಅವಳು ಕೇಳಲಿಲ್ಲ.

ಬೇರೆ ಏನಾದರೂ ನೀವೇ ಬರೆದುಕೊಡಿ ಆಂಟಿ ಎಂದು ದುಂಬಾಲು ಬಿದ್ದಳು. ನನಗೆ ಬೇಡವಾಗಿತ್ತು. ಒಬ್ಬ ಗಂಡಸಿನ ಎದುರು ಇಡೀ ಆಫೀಸು ಏನು ಹೇಳಬೇಕು ಎಂದು ನನಗೆ ಹೇಗೆ ಗೊತ್ತಾಗಬೇಕು? ಊಟ ಬೇರೆ ಆಗಿರಲಿಲ್ಲ. ಅವರ ಮನೆಯವರಿಗೇ ಫೋನ್ ಮಾಡು, ಕರೆಯಲು ನಂಬರ್ ತೆಗೆದುಕೊಂಡಿರಬೇಕಲ್ಲ ಎಂದೆ. ಹೊರಮಾವಿನಲ್ಲಿರುವ ಅವರ ಮನೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು, ಸ್ಪೀಕರ್ ಹಾಕಿ.

ಮೊದಲಿನ ಸಾಲಿನ ಸುದ್ದಿ ನಾನು ಎತ್ತಲಿಲ್ಲ. ಟೀ ಶರ್ಟ್ ಮಾಡಿಸುತ್ತಿದ್ದಾರೆ, ಯಜಮಾನರಿಗೆ ತಿಳಿಸಬೇಡಿ, ಏನು ಬರೆದರೆ ಅವರಿಗೆ ಖುಷಿಯಾಗುತ್ತದೆ ಹೇಳಿ ಎಂದಷ್ಟೇ ಕೇಳಿದೆ.

ಆಕೆ ನಕ್ಕರು. "ಅಯ್ಯೋ, ನಂಗೇನ್ರೀ ಗೊತ್ತಾಗತ್ತೆ. ದೊಡ್ಡ ದೊಡ್ಡ ಮಾತೆಲ್ಲ ಅವ್ರಿಗೆ ಆಗ್ಬರಲ್ಲ" ಎಂದರು. ಆಮೇಲೆ ತಾವೇ, "ದಿನಾ ಬೆಳಗ್ಗೆ ಗೇಟ್ ಹತ್ರ ನಿಂತು ಹೋಗ್ಬನ್ನಿ ಅಂತೀನಿ, ಅಷ್ಟೇ. ಆಪರೇಷನ್‌ಗೆ ಸ್ಟ್ರೆಚರ್ ಮೇಲೆ ಒಳಗೆ ಕರ್ಕೊಂಡ್ಹೋಗೋವಾಗ್ಲೂ ಅದೇ ಬಾಯಿಗೆ ಬಂತು. ಬಂದ್ರಲ್ಲ ಪುಣ್ಯಾತ್ಮ. ಅದನ್ನೇ ಹಾಕಿ ಬೇಕಾದ್ರೆ" ಎಂದರು.

ಬಂದಷ್ಟು ಹಿಂದಿಯಲ್ಲೇ ಹುಡುಗಿಗೆ ಬಿಡಿಸಿ ಹೇಳಿದೆ. ಹೊರಟವರಿಗೆ ನಾವು ಬರೀ ಹೋಗಿ ಎನ್ನುವುದಿಲ್ಲ, ಹೋಗಿ ಬನ್ನಿ ಎನ್ನುತ್ತೇವೆ. ತಿರುಗಿ ಬರುತ್ತಾರೆಂಬ ಭರವಸೆ ಇಟ್ಟುಕೊಂಡೇ ಕಳಿಸುತ್ತೇವೆ. ಅವಳ ಕಣ್ಣು ತುಂಬಿತು. "ಹೋಗ್ಬನ್ನಿ ಸರ್" ಎಂದು ಟೈಪ್ ಮಾಡಿ ತೋರಿಸಿದೆ. ಈ ಸಲ ಅವಳು ಓಕೆ ಎನ್ನಲಿಲ್ಲ. ಅದರ ಚಿತ್ರವನ್ನು ಸರ್‌ ಮನೆಯವರಿಗೆ ಕಳಿಸಿ, ಅಲ್ಲಿಂದ ಸರಿ ಎಂದು ಉತ್ತರ ಬಂದ ಮೇಲೆಯೇ ಪ್ರಿಂಟ್ ಮಾಡಿ ಎಂದಳು. ಬುದ್ಧಿವಂತೆ.

ಸಂಜೆ ಒಂದೊಂದೇ ಟೀ ಶರ್ಟನ್ನು ಪ್ರೆಸ್ಸಿನಡಿ ಇಟ್ಟು ಒತ್ತುತ್ತ, ಫಿಲ್ಮ್ ಸುಲಿಯುತ್ತ ನಿಂತಿದ್ದೆ. ಪ್ರತಿ ಸಲ ಸುಲಿದಾಗಲೂ ಆ ಕನ್ನಡಕದ ಮುಖ ನಗುತ್ತ ಎದ್ದುಬರುತ್ತಿತ್ತು. ಹೊರಮಾವಿನ ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನ್ನ ಮನೆಯವರಿಗೆ ನಾನೂ ಅದೇ ಮಾತು ಹೇಳಿದ್ದೆ.