ಡಬ್ಬದೊಳಗಿನ ಕನ್ನಡ

ನಮ್ಮ ಅಟ್ಟೂರು ಬಡಾವಣೆಯ ಸಂಘಕ್ಕೆ ಒಂದು ವೆಬ್‌ಸೈಟ್ ಇತ್ತು. ಕಸದ ಗಾಡಿಯ ವೇಳೆ, ಸಭೆಯ ನೋಟೀಸು, ಎಲ್ಲವೂ ಇಂಗ್ಲಿಷಿನಲ್ಲಿ. ಹಟ ಹಿಡಿದು ಅದರಲ್ಲಿ ಒಂದು ಕನ್ನಡ ಪುಟ ಮಾಡಿದವಳು ನಾನು.

ಜೋರು ಮಳೆ ಬಂದರೆ ನಮ್ಮ ಅಡ್ಡರಸ್ತೆಗೆ ಏಕೆ ನೀರು ನುಗ್ಗುತ್ತದೆ ಎಂದು ಹೇಳಬಲ್ಲವರು ಹಳೇ ಊರಿನ ಒಬ್ಬ ಅಜ್ಜಿ. ಬಡಾವಣೆ ಹೊಲವಾಗಿದ್ದಾಗ ಅಲ್ಲಿ ರಾಗಿ ಬೆಳೆದವರು. ಕಾಲುವೆ ಎಲ್ಲಿ ಹುಟ್ಟಿ ಎಲ್ಲಿ ಕೆರೆಗೆ ಬೀಳುತ್ತಿತ್ತು ಎಂದು ಅವರು ಹೇಳುತ್ತ ಹೋದರು. ನಾನು ಪಕ್ಕದಲ್ಲಿ ಕೂತು, ಲ್ಯಾಪ್‌ಟಾಪಿಗೆ ಇಂಟರ್ನೆಟ್ಟಿನ ಡೇಟಾಕಾರ್ಡ್ ಸಿಕ್ಕಿಸಿ, ಅವರ ಮಾತನ್ನು ಇದ್ದಂತೆಯೇ ನೇರವಾಗಿ ಆ ಕನ್ನಡ ಪುಟದಲ್ಲೇ ಟೈಪ್ ಮಾಡಿದೆ. ಬೇರೆ ಪ್ರತಿ ಇಟ್ಟುಕೊಳ್ಳಲಿಲ್ಲ. ಕೆಲವು ತಿಂಗಳಲ್ಲೇ ಅಜ್ಜಿಗೆ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಯಿತು.

ಸಂಘದ ಕಾರ್ಯದರ್ಶಿಗಳಿಗೆ ಆ ಪುಟವೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ.

"ಏನ್ ಮೇಡಂ, ನಿಮ್ ಕನ್ನಡ ಬರೀ ಡಬ್ಬಾ ಡಬ್ಬಾ ಬರ್ತಿದೆ ಕಣ್ರೀ. ಬಿಸ್ಕೆಟ್ ಜೋಡಿಸ್ದಂಗೆ."

"ಅಕ್ಷರ ಇದೆ ಸರ್. ಆಫೀಸ್ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ವಿಂಡೋಸ್ ಸಿ.ಡಿ. ಹಾಕಿ ಇನ್‌ಸ್ಟಾಲ್ ಮಾಡ್ಸಿ."

"ಒಂದು ಪೇಜ್‌ಗೆ ಸಿ.ಡಿ. ಹುಡುಕ್ಲಾ? ಪೇಜೇ ತೆಗೀರಿ."

ತೆಗೆಯುವುದಿಲ್ಲ ಎಂದೆ. ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅದನ್ನು ಕೇಳಿದ ಖಜಾಂಚಿಗಳು, ನಿವೃತ್ತ ಎಂಜಿನಿಯರ್, ಜಗಳ ಬಿಡಿಸುವ ಸದುದ್ದೇಶದಿಂದ ಪುಟ ರಿಪೇರಿಗೆ ಇಳಿದರು. ಒಂದು ದಿನ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಸೈಟಿನ ಕಡತ ತೆರೆದರು. ಅಲ್ಲೂ ಡಬ್ಬಗಳೇ. ಎಲ್ಲವನ್ನೂ ಹೊಸ ನೋಟ್‌ಪ್ಯಾಡಿಗೆ ಸುರಿದು ಸೇವ್ ಒತ್ತಿದರು. 'ಕೆಲವು ಅಕ್ಷರಗಳು ಕಳೆದುಹೋಗುತ್ತವೆ, ಮುಂದುವರಿಯಲೇ' ಎಂದು ನೋಟ್‌ಪ್ಯಾಡ್ ಕೇಳಿತಂತೆ. ಓಕೆ ಒತ್ತಿದರು. ಹಳೆಯದರ ಜಾಗಕ್ಕೆ ಅದನ್ನೇ ಅಪ್‌ಲೋಡ್ ಮಾಡಿದರು.

ಅಂದು ಮಧ್ಯಾಹ್ನ ನಾನು ನೋಡಿದಾಗ ಪುಟದ ತುಂಬ ಪ್ರಶ್ನೆಚಿಹ್ನೆಗಳು. ಅಲ್ಪವಿರಾಮಗಳು ಮಾತ್ರ ಇದ್ದಲ್ಲೇ ಇದ್ದವು. ಡಬ್ಬವಾದರೆ ಅಕ್ಷರ ಒಳಗಿರುತ್ತದೆ, ತೋರಿಸಲು ಫಾಂಟ್ ಇರುವುದಿಲ್ಲ. ಹೀಗೆ ಸೇವ್ ಆದ ಪ್ರಶ್ನೆಚಿಹ್ನೆಯಲ್ಲಿ ಏನೂ ಇರುವುದಿಲ್ಲ. ಅಕ್ಷರವಿದ್ದ ಕಡೆ ಅದೇ ಬಂದು ಕೂತಿರುತ್ತದೆ.

ಖಜಾಂಚಿಗಳ ಬಳಿ ಉಳಿದಿದ್ದೂ ಅದೇ ಕಡತ. ಹೋಸ್ಟಿಂಗ್‌ನವರು ಬ್ಯಾಕಪ್ ಇಲ್ಲ ಎಂದರು. ಕಾರ್ಯದರ್ಶಿಗಳಿಗೆ ಫೋನ್ ಮಾಡಿ ರೇಗಿದೆ.

"ಎಂ.ಎ. ಓದಿದೀರಾ, ನೆನಪಿಂದ ಬರೀರಿ ಮೇಡಂ. ಅಜ್ಜಿ ಏನ್ ಬಂದು ಚೆಕ್ ಮಾಡ್ತಾರಾ?"

"ನಾನು ಬರೆದ್ರೆ ಅದು ನನ್ನ ಮಾತಾಗುತ್ತೆ ಸರ್. ಬರೆಯಲ್ಲ. ಪ್ರಶ್ನೆಚಿಹ್ನೆ ಹಂಗೇ ಇರ್ಲಿ, ಸಂಘ ಏನ್ ಮಾಡ್ತು ಅಂತ ಎಲ್ಲರೂ ನೋಡ್ಲಿ."

"ಎಲ್ರೀ ಪ್ರಶ್ನೆಚಿಹ್ನೆ? ನನಗೆ ಡಬ್ಬಾನೇ ಕಾಣ್ತಿದೆ. ಬೆಳಿಗ್ಗೆ ಅಧ್ಯಕ್ಷರಿಗೆ ತೋರ್ಸೋಕೆ ಓಪನ್ ಮಾಡಿದ್ದು, ಇನ್ನೂ ಹಂಗೇ ಇದೆ."

ಬೆಳಿಗ್ಗೆ ತೆರೆದದ್ದೆಂದರೆ ಅವರ ಪರದೆಯ ಮೇಲಿರುವುದು ಇನ್ನೂ ಹಳೆಯ ಪುಟವೇ.

"ಸರ್, ರಿಫ್ರೆಶ್ ಒತ್ಬೇಡಿ. ಮೌಸ್ ಮುಟ್ಬೇಡಿ. ಬಂದೆ."

ಪಾರ್ಕಿನ ಪಕ್ಕದ ಸಂಘದ ಕೋಣೆಗೆ ಓಡಿದೆ. ಕಾರ್ಯದರ್ಶಿಗಳು ಎರಡೂ ಕೈ ಮಡಿಲಲ್ಲಿಟ್ಟು, ಮಂಗಳಾರತಿಗೆ ಕಾದವರಂತೆ ಕೂತಿದ್ದರು. ಪರದೆಯ ತುಂಬ ಡಬ್ಬಗಳು. ಅಷ್ಟು ಚೆಂದದ ಡಬ್ಬಗಳನ್ನು ನಾನು ನೋಡಿರಲಿಲ್ಲ. ಬೇರೆ ಕಿಟಕಿಯಲ್ಲಿ ಮೇಲ್ ತೆರೆದು, ಡಬ್ಬಗಳನ್ನೆಲ್ಲ ಕಾಪಿ ಮಾಡಿ ಅದರೊಳಗೆ ಅಂಟಿಸಿ, ನನಗೇ ಕಳಿಸಿಕೊಂಡೆ. ಜೊತೆಗೆ ತಂದಿದ್ದ ಲ್ಯಾಪ್‌ಟಾಪಿನಲ್ಲಿ ತೆರೆದೆ.

"ನೀರು ಇಂಗೆ ಬಂದು ಅಂಗೆ ಒಂಟೋಯ್ತಿತ್ತು ಕಣವ್ವಾ. ಅದ್ರ ದಾರೀಲಿ ನೀವು ಮನೆ ಕಟ್ಕಂಡು, ನೀರು ಮನೇಗ್ ಬಂತು ಅಂತೀರ."

ಪೂರ್ತಿ ಇತ್ತು. ಗಟ್ಟಿಯಾಗಿ ಓದಿದೆ. ಕಾರ್ಯದರ್ಶಿಗಳು ನಕ್ಕರು. "ನನಗೇ ಬೈದಂಗಿದೆಯಲ್ರೀ!"

ಓದುತ್ತ ಹೋದಂತೆ ನನಗೆ ಇನ್ನೊಂದು ಹೆದರಿಕೆ ಹುಟ್ಟಿತು. 'ಕೆರೆ ಮುಚ್ಚಿದ ದಿನ ನಾನು ಅತ್ತುಬಿಟ್ಟೆ' ಎಂದು ಅಜ್ಜಿ ಹೇಳಿದ್ದರೆಂದು ನಾನು ಬಲವಾಗಿ ನಂಬಿದ್ದೆ. ಹಾಗೆಂದು ಗೆಳತಿಯರಿಗೆ ಹೇಳಿಯೂ ಇದ್ದೆ. ಪುಟದಲ್ಲಿ ಆ ಮಾತೇ ಇಲ್ಲ. ಅಜ್ಜಿ ಎಲ್ಲಿಯೂ ಅತ್ತಿರಲಿಲ್ಲ, ಬೈದಿದ್ದರು. ನೆನಪಿಂದ ಬರೆದಿದ್ದರೆ ಅವರನ್ನು ಅಳಿಸಿಬಿಡುತ್ತಿದ್ದೆ.

ಆ ಸಂಜೆಯೇ ಪುಟವನ್ನು ಮತ್ತೆ ಏರಿಸಿದೆ. ಅದರ ನೆತ್ತಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ: ನಿಮಗೆ ಡಬ್ಬಗಳು ಕಂಡರೆ ದೋಷ ನಿಮ್ಮ ಕಂಪ್ಯೂಟರಿನದು, ಈ ಪುಟದ್ದಲ್ಲ. ಮುಂದಿನ ಸಭೆಯಲ್ಲಿ ಅಧ್ಯಕ್ಷರು, ಸ್ವಲ್ಪ ಒರಟಾಯಿತು, ಕೊನೆಗೊಂದು 'ಸಾರಿ' ಸೇರಿಸಿ ಎಂದರು. ಸೇರಿಸಲಿಲ್ಲ.